ಸಿಸು ಹಾಗೇ ಇರಲಿ ಅಂದರೆ ಸಾಕೇ?

*ಸಂಪಾದಕರೇ, ಫಿನ್ನಿಷ್ ಕಥೆಯ ಅನುವಾದ ಕಳಿಸಿದ್ದೇನೆ. ಅದರಲ್ಲಿ ‘ಸಿಸು’ ಅನ್ನುವ ಪದವನ್ನು ಬೇಕೆಂದೇ ಹಾಗೇ ಬಿಟ್ಟಿದ್ದೇನೆ. ಧೈರ್ಯ ಅಂದರೆ ಬೇರೆಯಾಗುತ್ತದೆ, ಛಲ ಅಂದರೆ ಕಡಿಮೆಯಾಗುತ್ತದೆ. ನಾನು ಆಧರಿಸಿದ ಇಂಗ್ಲಿಷ್ ಅನುವಾದದಲ್ಲೂ ಹಾಗೇ ಇದೆ. ಓದುಗರು ಒಂದು ಹೊಸ ಪದ ಕಲಿಯಲಿ. ದಯವಿಟ್ಟು ಬದಲಾಯಿಸಬೇಡಿ.*
— ಅನುವಾದಕಿ, ಧಾರವಾಡ

ನಿಮ್ಮ ಅನುವಾದ ಚೆನ್ನಾಗಿದೆ, ಖಂಡಿತ ಹಾಕುತ್ತೇವೆ. ಪರಭಾಷೆಯ ಪದವನ್ನು ಗೌರವದಿಂದ ಉಳಿಸಿಕೊಳ್ಳಬೇಕು ಅನ್ನುವ ನಿಮ್ಮ ಕಾಳಜಿಯೂ ದೊಡ್ಡದೇ. ಆದರೆ ಈ ಪದದ ವಿಷಯದಲ್ಲಿ ನಾನು ನಿಮ್ಮ ಜೊತೆ ಜಗಳಕ್ಕೆ ನಿಲ್ಲುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಫಿನ್ಲೆಂಡಿನ ಎಸ್ಪೋದಲ್ಲಿರುವ ಕನ್ನಡದ ಗೆಳೆಯರೊಬ್ಬರಿಂದ ಮೂಲ ಕಥೆಯ ಪುಟಗಳನ್ನು ತರಿಸಿ, ಅವರ ಜೊತೆ ಫೋನಿನಲ್ಲಿ ಕೂತು ಸಾಲು ಸಾಲಾಗಿ ನೋಡಿದೆ. ಲಾರಿಯ ಹೆಸರಾಗಿ ಬರುವುದನ್ನು ಬಿಟ್ಟರೆ, ಸಿಸು ನಿಮ್ಮಲ್ಲಿ ಎರಡು ಕಡೆ ಇದೆ, ಮೂಲದಲ್ಲಿ ಮೂರು ಕಡೆ ಇದೆ. ಸೈನಿಕನ ಬಗ್ಗೆ ಅಜ್ಜಿ ಹೇಳುವಲ್ಲಿ ಒಂದು, ಹಿಮದಲ್ಲಿ ಮರ ಎಳೆಯುವಲ್ಲಿ ಇನ್ನೊಂದು. ಮೂರನೆಯದು ಕುಡಿದು ಹೆಂಡತಿಯ ಮೇಲೆ ರೇಗುವ ಪಕ್ಕದ ಮನೆಯವನ ಬಗ್ಗೆ. ಊರವರು ಅವನನ್ನು ‘ಪಹನ್‌ಸಿಸುಯ್ನೆನ್’ ಅನ್ನುತ್ತಾರೆ, ಅಂದರೆ ಕೆಟ್ಟ ಸಿಸು ಇರುವವನು. ಇಂಗ್ಲಿಷಿನವರು ಅಲ್ಲಿ ‘ಕೆಟ್ಟ ಸಿಟ್ಟಿನವನು’ ಅನ್ನುವ ಅರ್ಥದ ಮಾತು ಹಾಕಿದ್ದಾರೆ. ನೀವು ಅದನ್ನೇ ‘ಸಿಡುಕ’ ಮಾಡಿದ್ದೀರಿ. ಹಾಗಾಗಿ ಕಥೆಯಲ್ಲಿ ಉಳಿದಿದ್ದು ವೀರರ ಸಿಸು ಮಾತ್ರ. ನೀವು ಪದವನ್ನು ಕಾಪಾಡಿದಿರಿ, ಅದರ ಅರ್ಧ ಅರ್ಥ ಕೈತಪ್ಪಿತು.

ಸಿಸು ಹುಟ್ಟಿದ್ದು ‘ಒಳಗು’ ಅನ್ನುವ ಅರ್ಥದ ಫಿನ್ನಿಷ್ ಬೇರಿನಿಂದ. ಕರುಳು, ಒಳಾಂಗಗಳಿಗೆ ಹೇಳುವ ಮಾತೂ ಅದೇ ಬೇರಿನದು. ದಾನಿಯೆಲ್ ಯುಸ್ಲೇನಿಯಸ್ 1745ರಲ್ಲಿ ಮಾಡಿದ ನಿಘಂಟಿನಲ್ಲಿ ‘ಸಿಸುಕುಂತಾ’ ಅಂತ ಒಂದು ಪದ ಇದೆ, ಮೈಯೊಳಗೆ ಬಲವಾದ ಭಾವನೆಗಳು ಹುಟ್ಟುವ ಜಾಗ ಅಂತ ಅದಕ್ಕೆ ಅರ್ಥ. ಆ ಜಾಗದಿಂದ ಒಳ್ಳೆಯದೂ ಬರಬಹುದು, ಕೆಟ್ಟದ್ದೂ ಬರಬಹುದು, ಅಲ್ವಾ? ಸಿಸು ಹೊರಗಿನವರ ಬಾಯಲ್ಲಿ ಬರೀ ವೀರರ ಪದವಾಗಿದ್ದು ಬಹುಮಟ್ಟಿಗೆ ಚಳಿಗಾಲದ ಯುದ್ಧದಿಂದ. 1939ರ ನವೆಂಬರ್ 30ರಂದು ಸೋವಿಯತ್ ಸೇನೆ ಫಿನ್ಲೆಂಡಿನ ಮೇಲೆ ಬಿತ್ತು. ಆ ಸಣ್ಣ ದೇಶ 105 ದಿನ ಹೋರಾಡಿತು. ಯುದ್ಧ ನಡೆಯುತ್ತಿದ್ದಾಗಲೇ, 1940ರ ಜನವರಿಯಲ್ಲಿ, ನ್ಯೂಯಾರ್ಕ್ ಟೈಮ್ಸ್ ಫಿನ್ಲೆಂಡನ್ನು ವಿವರಿಸುವ ಪದ ಅಂತಲೇ ಸಿಸುವಿನ ಬಗ್ಗೆ ಲೇಖನ ಹಾಕಿತು. ಇದಕ್ಕೆ ಬೇರೆ ಭಾಷೆಯಲ್ಲಿ ಪದವೇ ಇಲ್ಲ ಅನ್ನುವ ಮಾತು ಅಲ್ಲಿಂದಾಚೆ ಬೆಳೆಯುತ್ತಲೇ ಬಂತು.

ಇಲ್ಲ ಅಂತ ನಾನು ಒಪ್ಪುವುದಿಲ್ಲ. 1972ರ ಮ್ಯೂನಿಕ್ ಒಲಿಂಪಿಕ್ಸ್ ನೋಡಿ. ಹತ್ತು ಸಾವಿರ ಮೀಟರ್ ಫೈನಲ್, ಓಟ ಇನ್ನೂ ಅರ್ಧ ಆಗಿಲ್ಲ, ಫಿನ್ಲೆಂಡಿನ ಲಾಸ್ಸೆ ವಿರೇನ್ ಮುಗ್ಗರಿಸಿ ಬೀಳುತ್ತಾನೆ. ಟ್ಯುನೀಶಿಯಾದ ಗಮ್ಮೂದಿ ಅವನಿಗೆ ಎಡವಿ ಬಿದ್ದವನು ಕೊನೆಗೆ ಓಟವನ್ನೇ ಬಿಡುತ್ತಾನೆ. ವಿರೇನ್ ಎದ್ದು, ಗಾಬರಿಯಾಗದೆ ಗುಂಪನ್ನು ಸೇರಿಕೊಂಡು, 27 ನಿಮಿಷ 38.4 ಸೆಕೆಂಡಿನ ವಿಶ್ವದಾಖಲೆಯೊಂದಿಗೆ ಚಿನ್ನ ಗೆಲ್ಲುತ್ತಾನೆ. ಇದನ್ನು ನೋಡಿದ ನಮ್ಮವರು ಏನನ್ನುತ್ತಾರೆ? ‘ಏನ್ ಕೆಚ್ಚು ಅವನಿಗೆ!’ ಅಂತಾರೆ. ಕೆಚ್ಚು ಅಂದರೆ ಮರದ ತಿರುಳು, ಕಾಂಡದ ಒಳಗಿನ ಗಟ್ಟಿ ಭಾಗ. ಬಡಗಿ ಕೊಳ್ಳುವ ಮುಂಚೆ ದಿಮ್ಮಿಯ ಕೊಯ್ದ ತುದಿ ನೋಡುತ್ತಾನಲ್ಲ, ಹೊರಗಿನ ಬಿಳಿ ಬಿಟ್ಟು ನಡುವಿನ ಕಪ್ಪು ಎಷ್ಟಿದೆ ಅಂತ, ಅದೇ ಕೆಚ್ಚು. ಫಿನ್ನರೂ ಒಳಗಿನಿಂದ ಈ ಪದ ತಂದರು, ನಾವೂ ಒಳಗಿನಿಂದಲೇ ತಂದೆವು. ಇಷ್ಟು ಹತ್ತಿರದ ಪದ ಇಂಗ್ಲಿಷಿನವರಿಗೆ ಸಿಗದಿದ್ದರೆ ಅದು ಅವರ ಕಷ್ಟ. ಅದನ್ನು ನಾವು ಯಾಕೆ ಹೊರಬೇಕು?

ನನ್ನ ದೂರು ನಿಮ್ಮ ಮೇಲಷ್ಟೇ ಅಲ್ಲ. ಪರದೇಶದ ಕಥೆಗಳು ನಮಗೆ ಹೆಚ್ಚಾಗಿ ಇಂಗ್ಲಿಷ್ ದಾಟಿಯೇ ಬರುತ್ತವೆ. ಯಾವ ಪದ ಉಳಿಯಬೇಕು, ಯಾವುದು ಹೋಗಬೇಕು ಅಂತ ಅಲ್ಲೇ ತೀರ್ಮಾನ ಆಗಿರುತ್ತದೆ, ನಾವು ಸುಮ್ನೆ ರುಜು ಹಾಕುತ್ತೇವೆ. ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೊಂಕೊ ತುಳುನಾಡಿಗೆ ಬಂದಾಗ ಹಾಗೆ ಮಾಡಲಿಲ್ಲ. ಗೋಪಾಲ ನಾಯ್ಕರು ಹಾಡಿದ ಸಿರಿ ಪಾಡ್ದನಕ್ಕೆ ವಿವೇಕ ರೈ, ಚಿನ್ನಪ್ಪ ಗೌಡರಂಥ ತುಳು ಬಲ್ಲವರನ್ನೇ ಜೊತೆಗಿಟ್ಟುಕೊಂಡು ಕೂತರು. 1998ರಲ್ಲಿ ಹೆಲ್ಸಿಂಕಿಯಲ್ಲಿ ಪುಸ್ತಕ ಬಂದಾಗ ತುಳು ಪಾಠವೂ ಅದರಲ್ಲೇ ಇತ್ತು. ಅವರ ದೇಶದ ಒಂದು ಕಥೆಗೆ ನಾವು ಅಷ್ಟು ಶ್ರದ್ಧೆ ತೋರಿಸಬಾರದೇ?

ಇನ್ನೊಂದು ತೊಡಕೂ ಇದೆ. ‘ಸಿಸು’ ಕನ್ನಡಕ್ಕೆ ಹೊಸದಲ್ಲ, ‘ಶಿಶು’ವಿನ ತದ್ಭವ ಅದೇ. ‘ಅವನಲ್ಲಿ ಸಿಸುವಿದೆ’ ಅಂತ ಓದಿದವರು ಒಂದು ಕ್ಷಣ ಮಗುವನ್ನು ಹುಡುಕುತ್ತಾರೆ. ಮುದ್ರಣಕ್ಕೆ ಹೋದರೆ ಯಾರಾದರೂ ತಪ್ಪು ಅಂತ ‘ಶಿಶು’ ಮಾಡಿಯೂ ಬಿಡಬಹುದು.

ಹಾಗಾಗಿ ಹೀಗೆ ಮಾಡೋಣ. ಅಜ್ಜಿಯ ಮಾತಿನಲ್ಲಿ ‘ಅವನಿಗೆ ಕೆಚ್ಚಿತ್ತು’ ಅಂತಿರಲಿ. ಮರ ಎಳೆಯುವಲ್ಲಿ ‘ಕೆಚ್ಚು ಕಟ್ಟಿ ಎಳೆದ’ ಬೇಡ, ಕೃತಕ ಅನಿಸುತ್ತದೆ, ‘ಹಟಕ್ಕೆ ಬಿದ್ದು ಎಳೆದ’ ಸಾಕು. ಪಕ್ಕದ ಮನೆಯವನನ್ನು ‘ಕೆಟ್ಟ ಹಟದವನು’ ಮಾಡಿ. ಆಗ ಹಿಮದಲ್ಲಿ ಮರ ಎಳೆದ ಹಟ, ಹೆಂಡತಿಯನ್ನು ಅಳಿಸಿದ ಹಟ ಎರಡೂ ಒಂದೇ ಊರಿನವು ಅಂತ ಓದುಗರಿಗೆ ಕಾಣುತ್ತದೆ. ಸಿಸು ಹೆಸರಿನ ಲಾರಿ ಬರುವ ಸಾಲಿನಲ್ಲಿ ಮಾತ್ರ ಸಿಸು ಹಾಗೇ ಇರಲಿ, ಅದು ಕಂಪನಿಯ ಹೆಸರು. ತಿದ್ದಿದ ಪ್ರತಿ ಮುಂದಿನ ವಾರ ಕಳಿಸಿದರೆ ಮುಂದಿನ ಸಂಚಿಕೆಗೇ ತೆಗೆದುಕೊಳ್ಳುತ್ತೇನೆ.