ಅಂದಾಜು ಲಾಭ ಇಂಡಿಫರೆನ್ಸ್ ಪಾಯಿಂಟ್‌ಗಿಂತ ಮೇಲಿದ್ದರೆ ಸಾಲವೇ ಸರಿಯಾ?

ಪ್ರಶ್ನೆ: ಯಾದಗಿರಿ ಹತ್ತಿರ ನಮ್ಮ ದಾಲ್ ಮಿಲ್ ಇದೆ, ಪ್ರೈವೇಟ್ ಲಿಮಿಟೆಡ್ ಕಂಪನಿ. ಹೊಸ ಲೈನ್ ಹಾಕಬೇಕು. ಸಾಲ ತೆಗೆದರೂ ಷೇರು ಕೊಟ್ಟರೂ ಪ್ರತಿ ಷೇರಿನ ಗಳಿಕೆ ಒಂದೇ ಆಗುವ ಲಾಭದ ಮಟ್ಟ, ಅಂದರೆ ಇಪಿಎಸ್ ಇಂಡಿಫರೆನ್ಸ್ ಪಾಯಿಂಟ್ ತೆಗೆದು ನೋಡಿದೆ, ನಮ್ಮ ಅಂದಾಜು ಲಾಭ ಅದಕ್ಕಿಂತ ಮೇಲಿದೆ. ಅಂದಮೇಲೆ ಸಾಲವೇ ಸರಿ ಅಲ್ವಾ? ಸುಮ್ಮನೆ ಹೊರಗಿನವರಿಗೆ ಷೇರು ಕೊಟ್ಟು ಪಾಲು ಯಾಕೆ ಕಳಕೊಳ್ಳಬೇಕು?

ಉತ್ತರ:

ಸರಿ ಅಲ್ಲ. 2016ರಲ್ಲಿ ಕಲಬುರಗಿಯಲ್ಲಿ ಕೂತು ನಾನು ಇದೇ ಲೆಕ್ಕ ಹಾಕಿ, ಇದೇ ಉತ್ತರ ತೆಗೆದು, ಬ್ಯಾಂಕಿನ ಕಾಗದಕ್ಕೆ ಸಹಿ ಮಾಡಿದ್ದೆ.

2015ರ ಕೊನೆಗೆ ತೊಗರಿ ಬೇಳೆ ಅಂಗಡಿಯಲ್ಲಿ ಕಿಲೋಗೆ 200 ರೂಪಾಯಿ ಮುಟ್ಟಿತ್ತು, ನಿಮಗೂ ನೆನಪಿರಬೇಕು. ಗಂಜ್‌ನಲ್ಲಿ ಮೊದಲೇ ಮಾಲು ಕೊಂಡು ಗೋದಾಮಿನಲ್ಲಿ ಇಟ್ಟವರಿಗೆಲ್ಲ ಆ ವರ್ಷ ಒಳ್ಳೆ ಲಾಭ ಬಂತು, ನಮಗೂ ಬಂತು. ಹೊಸ ಲೈನ್, ಸಾರ್ಟೆಕ್ಸ್ ಯಂತ್ರ, ಶೆಡ್ ಎಲ್ಲ ಸೇರಿ ಒಂದು ಕೋಟಿ ಬೇಕಿತ್ತು. ದಾರಿ ಎರಡಿದ್ದವು. ಒಂದು, 12% ಬಡ್ಡಿಯ ಟರ್ಮ್ ಲೋನ್. ಇನ್ನೊಂದು, ನಮ್ಮ ಸೋದರಮಾವ. ಅವರು 200 ರೂಪಾಯಿಗೆ ಒಂದರಂತೆ 50,000 ಹೊಸ ಷೇರು ತಗೊಳ್ಳಲು ತಯಾರಿದ್ದರು.

ಲೆಕ್ಕ ಸಲೀಸಾಗಲಿ ಎಂದು ಅಂಕಿಗಳನ್ನು ದುಂಡಗೆ ಮಾಡಿ ಹೇಳುತ್ತೇನೆ. ನಮ್ಮ ಕಂಪನಿಯಲ್ಲಿ ಆಗ ಒಂದು ಲಕ್ಷ ಷೇರು. ಮಾಲು ಕೊಳ್ಳಲು ಬ್ಯಾಂಕಿನಿಂದ ತೆಗೆದ ಸಿಸಿ ಖಾತೆಯ ಸಾಲಕ್ಕೆ ಬಡ್ಡಿ ವರ್ಷಕ್ಕೆ 12 ಲಕ್ಷ. ಸಾಲ ತೆಗೆದರೆ ಬಡ್ಡಿ 24 ಲಕ್ಷ ಆಗುತ್ತದೆ, ಷೇರು ಒಂದು ಲಕ್ಷವೇ ಉಳಿಯುತ್ತದೆ. ಮಾವನಿಗೆ ಷೇರು ಕೊಟ್ಟರೆ ಬಡ್ಡಿ 12 ಲಕ್ಷವೇ, ಷೇರು ಒಂದೂವರೆ ಲಕ್ಷ. ತೆರಿಗೆ ಎರಡೂ ಕಡೆ ಒಂದೇ ಆದ್ದರಿಂದ ಸಮೀಕರಣದಲ್ಲಿ ಹೊಡೆದುಹೋಗುತ್ತದೆ:

```
(EBIT - 24) / 1 = (EBIT - 12) / 1.5
EBIT = 48
```

ಅಂದರೆ ಬಡ್ಡಿ, ತೆರಿಗೆಗೆ ಮುಂಚಿನ ಲಾಭ 48 ಲಕ್ಷ ಇದ್ದರೆ ಎರಡೂ ದಾರಿಯಲ್ಲಿ ಷೇರಿಗೆ 18 ರೂಪಾಯಿ ಗಳಿಕೆ (ತೆರಿಗೆ 25% ಎಂದು ಹಿಡಿದಿದ್ದೇನೆ). ನನ್ನ ಅಂದಾಜು 60 ಲಕ್ಷ ಇತ್ತು. ಆ ಮಟ್ಟದಲ್ಲಿ ಸಾಲದಲ್ಲಿ ಷೇರಿಗೆ 27 ರೂಪಾಯಿ, ಹೊಸ ಷೇರಿನಲ್ಲಿ 24. ಮೂರು ರೂಪಾಯಿ ಹೆಚ್ಚು ಸಿಗುತ್ತದೆ, ಪಾಲೂ ಮನೆಯಲ್ಲೇ ಉಳಿಯುತ್ತದೆ ಎಂದು ಮಾವನಿಗೆ ಬೇಡ ಅಂದೆ.

ನಾನು ತಪ್ಪಿದ್ದು ಎಲ್ಲಿ ಎಂದು ಬಿಡಿಸಿ ಹೇಳುತ್ತೇನೆ, ಯಾಕಂದರೆ ಸಮೀಕರಣದಲ್ಲಿ ಏನೂ ತಪ್ಪಿರಲಿಲ್ಲ. ಅದರಲ್ಲಿ ಬಡ್ಡಿ ಇದೆ, ತೆರಿಗೆ ಇದೆ, ಷೇರಿನ ಸಂಖ್ಯೆ ಇದೆ. ಅಸಲು ಇಲ್ಲ. ಅಸಲಿನ ಕಂತು ಖರ್ಚಲ್ಲ, ಹಾಗಾಗಿ ಲಾಭ-ನಷ್ಟದ ಪಟ್ಟಿಯಲ್ಲಿ ಅದು ಕಾಣುವುದೇ ಇಲ್ಲ. ಪಟ್ಟಿಯಲ್ಲಿ ಕಾಣದ್ದು ಇಪಿಎಸ್‌ನಲ್ಲೂ ಕಾಣುವುದಿಲ್ಲ, ಇಪಿಎಸ್‌ನಲ್ಲಿ ಕಾಣದ್ದು ಇಂಡಿಫರೆನ್ಸ್ ಪಾಯಿಂಟ್‌ಗೂ ಗೊತ್ತಿರುವುದಿಲ್ಲ. ನಮ್ಮ ಒಂದು ಕೋಟಿ ಐದು ವರ್ಷದಲ್ಲಿ ತೀರಬೇಕಿತ್ತು, ವರ್ಷಕ್ಕೆ 20 ಲಕ್ಷ ಅಸಲು. ಆ 20 ಲಕ್ಷ ಬರಬೇಕಾದದ್ದು ತೆರಿಗೆ ಕಟ್ಟಿ ಉಳಿದ ಲಾಭದಿಂದ ಮತ್ತು ಸವಕಳಿಯಿಂದ. ಸವಕಳಿ ಪುಸ್ತಕದಲ್ಲಿ ಮಾತ್ರ ಖರ್ಚು, ದುಡ್ಡು ಕೈಯಲ್ಲೇ ಇರುತ್ತದೆ. ನಮ್ಮದು ವರ್ಷಕ್ಕೆ 10 ಲಕ್ಷ ಇತ್ತು. ಅಂದರೆ ತೆರಿಗೆ ಕಳೆದು ಇನ್ನೂ 10 ಲಕ್ಷ ಉಳಿಯಬೇಕು. ಅದಕ್ಕೆ ಬಡ್ಡಿ ಕಟ್ಟಿದ ಮೇಲೆ ಸುಮಾರು 13.3 ಲಕ್ಷ ಬೇಕು, ಬಡ್ಡಿಗೆ ಮುಂಚೆ ಸುಮಾರು 37.3 ಲಕ್ಷ ಬೇಕು. ಅದಕ್ಕಿಂತ ಕೆಳಗೆ ಇಳಿದರೆ ಕಂಪನಿ ಲಾಭದಲ್ಲಿದ್ದರೂ ಕಂತು ಕಟ್ಟಲು ದುಡ್ಡಿರುವುದಿಲ್ಲ. ಇದೇ ಕಂತಿನ ಗೆರೆ, ಈ 37.3 ನನ್ನ ಹಾಳೆಯ ಮೇಲೆ ಎಲ್ಲೂ ಇರಲಿಲ್ಲ.

2016ರ ಮುಂಗಾರು ಚೆನ್ನಾಗಿ ಆಯಿತು, ತೊಗರಿ ದಂಡಿಯಾಗಿ ಬಂತು. 2017ರ ಸುಗ್ಗಿಯಲ್ಲಿ ಕೇಂದ್ರದ ಬೋನಸ್ ಸೇರಿ ಬೆಂಬಲ ಬೆಲೆ ಕ್ವಿಂಟಲ್‌ಗೆ 5,050 ರೂಪಾಯಿ, ಗಂಜ್‌ನಲ್ಲಿ ದರ ಅದಕ್ಕೂ ಕೆಳಗೆ. ಖರೀದಿ ಕೇಂದ್ರಗಳ ಮುಂದೆ ಟ್ರ್ಯಾಕ್ಟರ್ ಸಾಲು. ಮೇಲಿನ ದರಕ್ಕೆ ಕೊಂಡು ಇಟ್ಟಿದ್ದ ನಮ್ಮ ಮಾಲು ಗೋದಾಮಿನಲ್ಲೇ ಬೆಲೆ ಕಳಕೊಂಡಿತು. ಹೊಸ ಲೈನ್ ಓಡಿದ ಮೊದಲ ವರ್ಷ ನಮಗೆ ಉಳಿದದ್ದು 30 ಲಕ್ಷ. ಬಡ್ಡಿ 24 ಹೋಗಿ ಆರು, ತೆರಿಗೆ ಹೋಗಿ ನಾಲ್ಕೂವರೆ. ಷೇರಿಗೆ ನಾಲ್ಕೂವರೆ ರೂಪಾಯಿ ಗಳಿಕೆ, ಬ್ಯಾಲೆನ್ಸ್ ಶೀಟ್ ನೋಡಿದವರಿಗೆ ಲಾಭದ ಕಂಪನಿ. ಸವಕಳಿ ಸೇರಿಸಿ ಕೈಗೆ ಬಂದದ್ದು ಹದಿನಾಲ್ಕೂವರೆ ಲಕ್ಷ, ಕಟ್ಟಬೇಕಾದ ಅಸಲು 20.

ಕಡಿಮೆ ಬಿದ್ದ ಐದೂವರೆ ಲಕ್ಷವನ್ನು ಸಿಸಿ ಖಾತೆಯಿಂದ ಎಳೆದು ಕಂತಿಗೆ ಹಾಕಿದೆ. ನಿಜವಾದ ಪೆಟ್ಟು ಬಿದ್ದದ್ದು ಅಲ್ಲಿ. ಸಿಸಿ ಇರುವುದು ಸುಗ್ಗಿಯಲ್ಲಿ ತೊಗರಿ ಕೊಳ್ಳಲಿಕ್ಕೆ. ಮಾಲಿನ ಬೆಲೆ ಇಳಿದಾಗ ಡ್ರಾಯಿಂಗ್ ಪವರ್, ಅಂದರೆ ಸಿಸಿಯಿಂದ ಎಳೆಯಬಹುದಾದ ಮೊತ್ತ, ತಾನಾಗೇ ಇಳಿಯುತ್ತದೆ, ಅದರ ಮೇಲೆ ಈ ಐದೂವರೆ ಲಕ್ಷ. ಮುಂದಿನ ಸುಗ್ಗಿಗೆ ರೊಕ್ಕ ಕೊಟ್ಟು ಕೊಳ್ಳುವ ತಾಕತ್ತು ಇರಲಿಲ್ಲ, ಅಡತಿಯಲ್ಲಿ ಉದ್ರಿ ತಂದೆ. ಅಡತಿ ಸಾವ್ಕಾರರು ತಕ್ಕಡಿ ಮುಂದೆ ನಿಂತೇ ಹೇಳಿದರು: "ನಗದಿಗೆ ಒಂದು ರೇಟು, ಉದ್ರಿಗೆ ಒಂದು ರೇಟು. ನಿಮಗ ಯಾವುದು ಬೇಕು ಹೇಳ್ರಿ." ಅಗ್ಗದ ಕಾಲದಲ್ಲಿ ದುಬಾರಿ ಕೊಂಡರೆ ಮಿಲ್ಲಿಂಗ್‌ನಲ್ಲಿ ಏನು ಉಳಿಯುತ್ತದೆ ಎಂದು ನಿಮಗೆ ನಾನು ಹೇಳಬೇಕಿಲ್ಲ.

ಈಗ ನಿಮ್ಮ ಲೆಕ್ಕಕ್ಕೆ ಬರುತ್ತೇನೆ. ನಿಮ್ಮ ಅಂದಾಜು ಲಾಭದಲ್ಲಿ ಮಿಲ್ಲಿಂಗ್‌ನಿಂದ ಬಂದದ್ದೆಷ್ಟು, ಇಟ್ಟ ಮಾಲಿನ ಬೆಲೆ ಏರಿದ್ದರಿಂದ ಬಂದದ್ದೆಷ್ಟು ಎಂದು ಬೇರೆ ಮಾಡಿ. ಎರಡನೆಯದನ್ನು ಪೂರ್ತಿ ತೆಗೆದುಹಾಕಿ ನೋಡಿ. ಅದು ನಿಮ್ಮ ಕೈಯಲ್ಲಿಲ್ಲ: 2023ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ತೊಗರಿ, ಉದ್ದಿನ ದಾಸ್ತಾನಿಗೆ ಮಿತಿ ಹಾಕಿದಾಗ ಮಿಲ್‌ಗಳಿಗೂ ಹಾಕಿತು. ಉಳಿದ ಅಂಕಿ ಕಂತಿನ ಗೆರೆಗಿಂತ ಮೇಲಿದ್ದರೆ ಮಾತ್ರ ಇಂಡಿಫರೆನ್ಸ್ ಪಾಯಿಂಟ್ ಬಗ್ಗೆ ಮಾತಾಡಿ.

ಇನ್ನು ಸಾಲವೋ ಷೇರೋ ಎಂದು ಕೇಳುವುದೇ ನನಗೆ ಒಪ್ಪಿಗೆಯಿಲ್ಲ. ಅರ್ಧರ್ಧ ಮಾಡಿ. ನಮ್ಮ ಅಂಕಿಗಳಲ್ಲೇ ನೋಡಿ: 50 ಲಕ್ಷ ಸಾಲ, 25,000 ಷೇರು. ಲಾಭ 48 ಲಕ್ಷ ಇದ್ದಾಗ ಇಲ್ಲೂ ಷೇರಿಗೆ ಅದೇ 18 ರೂಪಾಯಿ. ಯಾವ ಪ್ರಮಾಣದಲ್ಲಿ ಬೆರೆಸಿದರೂ 48ರಲ್ಲಿ 18 ಬರುತ್ತದೆ, ಹಾಗಾಗಿ ಎಷ್ಟು ಬೆರೆಸಬೇಕೆಂದು ಆ ಬಿಂದು ಯಾವತ್ತೂ ಹೇಳಲಾರದು. ಅದನ್ನು ಹೇಳುವುದು ಕಂತು. 60 ಲಕ್ಷದ ವರ್ಷದಲ್ಲಿ ಷೇರಿಗೆ 25 ರೂಪಾಯಿ 20 ಪೈಸೆ, 27ಕ್ಕಿಂತ ಸ್ವಲ್ಪವೇ ಕಡಿಮೆ. 30 ಲಕ್ಷದ ವರ್ಷದಲ್ಲಿ ಕೈಗೆ 19 ಲಕ್ಷ ಬರುತ್ತದೆ, ಕಟ್ಟಬೇಕಾದದ್ದು 10. ಸಿಸಿ ಮುಟ್ಟುವ ಪ್ರಸಂಗವೇ ಬರುತ್ತಿರಲಿಲ್ಲ.

ಪಾಲು ಹೋಗುವ ಭಯಕ್ಕೂ ಇದರಲ್ಲೇ ಉತ್ತರವಿದೆ. ಪೂರ್ತಿ ಷೇರು ಕೊಟ್ಟಿದ್ದರೆ ಮಾವನದು ಮೂರನೇ ಒಂದು ಪಾಲು. ಕಾಲು ಭಾಗ ದಾಟಿದವರು ವಿಶೇಷ ನಿರ್ಣಯವನ್ನು ತಡೆಯಬಲ್ಲರು, ಆ ಭಯ ಸುಳ್ಳಲ್ಲ. ಅರ್ಧ ಕೊಟ್ಟರೆ ಅವರದು 20%, ಅಷ್ಟರಿಂದ ಒಬ್ಬರೇ ತಡೆಯಲು ಆಗುವುದಿಲ್ಲ.

ಒಂದು ಕೆಲಸ ಮೊದಲು ಮಾಡಿ. ಹೊರಗಿನವರಿಗೆ ಷೇರು ಕೊಡುವಾಗ ದರವನ್ನು ನೀವೇ ಬಾಯಿಗೆ ಬಂದಂತೆ ಇಡುವ ಹಾಗಿಲ್ಲ, ರಿಜಿಸ್ಟರ್ಡ್ ವ್ಯಾಲ್ಯುಯರ್ ವರದಿ ಬೇಕು. ಆ ವರದಿ ಕೈಗೆ ಬಂದ ಮೇಲೆ ಬಿಂದುವನ್ನು ಮತ್ತೆ ತೆಗೆಯಿರಿ, ಯಾಕಂದರೆ ದರ ಬದಲಾದರೆ ಬಿಂದುವೂ ಬದಲಾಗುತ್ತದೆ. ನಮ್ಮ ಷೇರು 200ರ ಬದಲು 250ಕ್ಕೆ ಹೋಗಿದ್ದರೆ ಒಂದು ಕೋಟಿಗೆ 40,000 ಷೇರು ಸಾಕಿತ್ತು, ಬಿಂದು 48ರಿಂದ 54 ಲಕ್ಷಕ್ಕೆ ಏರುತ್ತಿತ್ತು, ನನ್ನ 60 ಲಕ್ಷದ ಅಂದಾಜಿಗೂ ಅದಕ್ಕೂ ಬರೀ ಆರು ಲಕ್ಷದ ಅಂತರ ಉಳಿಯುತ್ತಿತ್ತು.