ಜಗಳವಾಡುವ ಯುಗಳ ಗೀತೆಯಲ್ಲಿ ರಾಜಿ ಎಲ್ಲಿಂದ ಹುಟ್ಟಬೇಕು?

ಪ್ರಶ್ನೆ: ಯುಗಳ ಗೀತೆಯೊಂದನ್ನು ಬರೆಯುತ್ತಿದ್ದೇನೆ. ಚರಣಗಳಲ್ಲಿ ಇಬ್ಬರೂ ವಾದ ಮಾಡುತ್ತಾರೆ, ಕೊನೆಯ ಪಲ್ಲವಿಯಲ್ಲಿ ಒಂದಾಗುತ್ತಾರೆ. ಜಗಳ ಚೆನ್ನಾಗಿ ಬಂದಿದೆ, ಆದರೆ ರಾಜಿ ಅಂಟಿಸಿದಂತೆ ಕಾಣುತ್ತದೆ. ಹೇಗೆ ಸರಿಪಡಿಸಲಿ?

ಕೊನೆಯ ಪಲ್ಲವಿಯನ್ನು ಮೊದಲು ಬರೆಯಿರಿ. ನಾನು ಹಾಡು ಕಟ್ಟುವುದು ಹಾಗೆಯೇ. ರಾಜಿಗೆಂದು ಹೊಸ ಸಾಲುಗಳನ್ನು ತಂದರೆ ಅವು ಹೊರಗಿನವರು ಬಂದು ಹೇಳಿದ ಬುದ್ಧಿಮಾತಿನಂತೆ ಕೇಳಿಸುತ್ತವೆ. ಜಗಳದಲ್ಲಿ ಬಳಸಿದ ಮಾತುಗಳೇ ಕೈ ಬದಲಾಯಿಸಿದರೆ ಕೇಳುಗರು ನಂಬುತ್ತಾರೆ. ಇದನ್ನು ತೋರಿಸಲೆಂದೇ ಒಂದು ಹಾಡನ್ನು ಕಟ್ಟುತ್ತೇನೆ. ಮೊದಲ ಪಲ್ಲವಿ ಹೀಗಿರಲಿ:

ಅವಳು: ಬಾಗಿಲು ತೆರೆದೇ ಇತ್ತು, ನೀನೇ ಬರಲಿಲ್ಲ
ಅವನು: ಬಾಗಿಲ ಬಳಿಯೇ ನಿಂತೆ, ನೀನೇ ಕರೆದಿಲ್ಲ

ಕೊನೆಯಲ್ಲಿ ಇದೇ ಪಲ್ಲವಿ ಹೀಗೆ ಮರಳುತ್ತದೆ:

ಅವಳು: ಬಾಗಿಲು ತೆರೆದೇ ಇತ್ತು, ನಾನೇ ಕರೆದಿಲ್ಲ
ಅವನು: ಬಾಗಿಲ ಬಳಿಯೇ ನಿಂತೆ, ನಾನೇ ಬರಲಿಲ್ಲ

ಅವನ ದೂರನ್ನು ಅವಳು ತನ್ನ ತಪ್ಪೆಂದು ಒಪ್ಪಿಕೊಂಡಳು, ಅವಳ ದೂರನ್ನು ಅವನು ಒಪ್ಪಿಕೊಂಡ. ಕ್ಷಮಿಸು ಎಂಬ ಮಾತು ಎಲ್ಲಿಯೂ ಬರಲಿಲ್ಲ. ‘ನೀನೇ’ ಮತ್ತು ‘ನಾನೇ’ ಎರಡಕ್ಕೂ ನಾಲ್ಕು ಮಾತ್ರೆ, ‘ಬರಲಿಲ್ಲ’ ಮತ್ತು ‘ಕರೆದಿಲ್ಲ’ ಎರಡಕ್ಕೂ ಐದು. ಸಾಲಿನ ಲೆಕ್ಕ ಇಪ್ಪತ್ತೇ ಇರುವುದರಿಂದ ಧಾಟಿಯ ಒಂದು ಸ್ವರವನ್ನೂ ಬದಲಾಯಿಸಬೇಕಿಲ್ಲ. ನಾನು ಮೊದಲು ‘ಕರೆಯಲಿಲ್ಲ’ ಎಂದೇ ಯೋಚಿಸಿದ್ದೆ. ಅದಕ್ಕೆ ಆರು ಮಾತ್ರೆ, ಅದಲುಬದಲು ಮಾಡಿದಾಗ ಗಾಯಕಿ ಒಂದು ಅಕ್ಷರವನ್ನು ನುಂಗಬೇಕಾಗುತ್ತದೆ. ಇಡೀ ಹಾಡು ಕಾದು ಕುಳಿತಿರುವ ಜಾಗದಲ್ಲಿ ಹಾಗಾಗಬಾರದು.

ಇನ್ನು ಚರಣಗಳು. ಜಗಳಕ್ಕೆ ಒಂದೇ ಒಂದು ಸಂಗತಿ ಸಾಕು. ಅವಳು ಒಂದು ದೂರು ಹೇಳಿ, ಅವನು ಸಂಬಂಧವಿಲ್ಲದ ಇನ್ನೊಂದು ದೂರು ಹೇಳಿದರೆ ಅದು ವಾದವಲ್ಲ, ಎರಡು ಪಟ್ಟಿ. ಉತ್ತರ ಕೊಡುವವರು ಎದುರಿನವರ ಸಾಲಿನಿಂದ ಒಂದು ವಸ್ತುವನ್ನು ಎತ್ತಿಕೊಂಡು, ಅದನ್ನೇ ತಮ್ಮ ಬದಿಯಿಂದ ತೋರಿಸಬೇಕು:

ಅವಳು: ಹಚ್ಚಿದ ದೀಪದ ಎದುರಲಿ ಕುಳಿತೆ, ಹೆಜ್ಜೆಯ ಸದ್ದಿಲ್ಲ
ಅವನು: ದೀಪದ ಬೆಳಕಲಿ ನಿನ್ನನು ಕಂಡೆ, ತಲೆಯನು ಎತ್ತಿಲ್ಲ

ದೀಪ ಒಂದೇ, ನೋಟ ಎರಡು. ಇಬ್ಬರೂ ನಿಜವನ್ನೇ ಹೇಳುತ್ತಿದ್ದಾರೆ ಎಂಬುದನ್ನು ಗಮನಿಸಿ. ಒಬ್ಬರು ಸುಳ್ಳು ಹೇಳಿದರೆ ಅಥವಾ ಒಬ್ಬರದೇ ತಪ್ಪು ಎಂದಾದರೆ, ಕೊನೆಗೆ ಉಳಿಯುವುದು ಒಬ್ಬರ ಶರಣಾಗತಿ ಮಾತ್ರ. ಅದಕ್ಕೆ ಎರಡು ಕಂಠ ಬೇಕಿಲ್ಲ.

ನಿಮ್ಮ ಹಾಡಿನಲ್ಲಿ ತೊಡಕಿರುವುದು ಬಹುಶಃ ಕೊನೆಯ ಚರಣದಲ್ಲಿ. ಜಗಳ ಅಲ್ಲಿಯೂ ಅದೇ ಬಿರುಸಿನಲ್ಲಿ ನಡೆದು, ಪಲ್ಲವಿಯಲ್ಲಿ ದಿಢೀರನೆ ನಿಂತರೆ ಯಾರೂ ನಂಬುವುದಿಲ್ಲ. ಆ ಚರಣದಲ್ಲಿ ಒಬ್ಬರು ದೂರುವುದನ್ನು ಬಿಟ್ಟು ನಿಜವಾದ ಪ್ರಶ್ನೆ ಕೇಳಬೇಕು, ಉತ್ತರದಲ್ಲಿ ಈವರೆಗೆ ತಿಳಿಯದ ಸಂಗತಿಯೊಂದು ಹೊರಬರಬೇಕು:

ಅವಳು: ಚಳಿಯಲಿ ನಿಂತೆಯ ಅಷ್ಟೂ ಹೊತ್ತು?
ಅವನು: ದೀಪದ ಎಣ್ಣೆಯು ಮುಗಿಯುವವರೆಗೆ

ಅವಳು ಎಷ್ಟು ಹೊತ್ತು ಕಾದಳೋ ಅವನೂ ಅಷ್ಟೇ ಹೊತ್ತು ಕಾದಿದ್ದ. ಈ ಒಂದು ವಿಷಯ ತಿಳಿದ ಮೇಲೆ ‘ನೀನೇ’ ಎನ್ನಲು ಇಬ್ಬರಿಗೂ ಬಾಯಿ ಬರುವುದಿಲ್ಲ. ಮೊದಲ ಚರಣದ ಸಾಲು ಹದಿನೈದು ಮತ್ತು ಒಂಬತ್ತು ಮಾತ್ರೆಗಳಾಗಿ ಒಡೆಯುತ್ತದೆ. ಇಲ್ಲಿ ಹದಿನೈದಕ್ಕೇ ನಿಲ್ಲಿಸಿದ್ದೇನೆ. ಉಳಿದ ಒಂಬತ್ತು ಮಾತ್ರೆಗಳಲ್ಲಿ ಮಾತು ಬೇಡ, ತಾಳ ಮಾತ್ರ ನಡೆಯಲಿ. ‘ಇಲ್ಲ’ ಎಂದು ಮುಗಿಯುತ್ತಿದ್ದ ಜಾಗ ಮೊದಲ ಬಾರಿ ಖಾಲಿಯಾಗುತ್ತದೆ, ಜಗಳ ನಿಂತದ್ದು ಕಿವಿಗೇ ತಿಳಿಯುತ್ತದೆ. ಸಂಗೀತ ಸಂಯೋಜಕರು ಆ ಜಾಗವನ್ನು ಕೊಳಲಿನಿಂದ ತುಂಬಲು ಹೊರಟರೆ ದಯವಿಟ್ಟು ತಡೆಯಿರಿ.

ಬರೆದಾದ ಮೇಲೆ ಈ ತಿರುವಿನ ಚರಣವನ್ನು ಮುಚ್ಚಿಟ್ಟು ಹಾಡನ್ನು ಓದಿ ನೋಡಿ. ಆಗಲೂ ಕೊನೆಯ ಪಲ್ಲವಿ ಸಲೀಸಾಗಿ ಹೊಂದಿಕೊಂಡರೆ ಆ ಚರಣ ಏನೂ ಕೆಲಸ ಮಾಡುತ್ತಿಲ್ಲ ಎಂದರ್ಥ. ಅದನ್ನು ಮತ್ತೆ ಬರೆಯಬೇಕು.

ಹಾಡುವಾಗಿನ ಒಂದು ಎಚ್ಚರಿಕೆ. ಹೆಣ್ಣು ಮತ್ತು ಗಂಡು ಕಂಠಗಳ ಅನುಕೂಲದ ಶ್ರುತಿ ಸಾಮಾನ್ಯವಾಗಿ ಬೇರೆ ಬೇರೆ. ಚರಣಗಳಲ್ಲಿ ಅವರವರ ಎತ್ತರಕ್ಕೆ ತಕ್ಕ ಧಾಟಿ ಕೊಡಬಹುದು, ಪಲ್ಲವಿಯನ್ನು ಮಾತ್ರ ಐದಾರು ಸ್ವರಗಳ ಒಳಗೇ ಇರಿಸಿ. ಕೊನೆಯ ಪಲ್ಲವಿಯನ್ನು ಮೊದಲು ಒಬ್ಬರಾದ ಮೇಲೆ ಒಬ್ಬರು ಹಾಡಲಿ, ಪದ ಬದಲಾದದ್ದು ಸ್ಪಷ್ಟವಾಗಿ ಕೇಳಬೇಕು. ಎರಡನೆಯ ಸಲ ಇಬ್ಬರೂ ತಮ್ಮ ತಮ್ಮ ಸಾಲನ್ನು ಏಕಕಾಲಕ್ಕೆ ಹಾಡಬಹುದು. ನಡುವಿನ ಪದಗಳು ಒಂದರ ಮೇಲೊಂದು ಬಿದ್ದು ಕಲಸಿಹೋದರೂ ಪರವಾಗಿಲ್ಲ, ‘ನಾನೇ’ ಎಂಬಲ್ಲಿ ಮತ್ತು ಕೊನೆಯ ‘ಇಲ್ಲ’ದಲ್ಲಿ ಎರಡು ಕಂಠಗಳೂ ಕೂಡುತ್ತವೆ.