ಅಂಗಡಿ ಮುಚ್ಚಿದರೆ ಸಾಲವೂ ಮುಗಿಯುತ್ತಾ?

ಪ್ರಶ್ನೆ: ನನ್ನೊಬ್ಬನ ಹೆಸರಲ್ಲಿದ್ದ ವ್ಯಾಪಾರ ಮುಚ್ಚುತ್ತಿದ್ದೇನೆ. ಬ್ಯಾಂಕ್ ಸಾಲ, ಸರಕು ಕೊಟ್ಟವರ ಬಾಕಿ ಇದೆ. ನನ್ನ ಸ್ವಂತ ಆಸ್ತಿಗೂ ಕೈ ಹಾಕಬಹುದಾ?

ಉತ್ತರ: ಹಾಕಬಹುದು. ಏಕಮಾಲೀಕತ್ವದಲ್ಲಿ ಕಾನೂನಿನ ಕಣ್ಣಿಗೆ ವ್ಯಾಪಾರ ಬೇರೆ, ನೀವು ಬೇರೆ ಅಲ್ಲ. ಬೋರ್ಡ್ ಇಳಿಸಿದರೂ, ನೋಂದಣಿ ರದ್ದು ಮಾಡಿಸಿದರೂ ಬಾಕಿ ನಿಮ್ಮ ಹೆಸರಲ್ಲೇ ಉಳಿಯುತ್ತದೆ.

ಜಾಸ್ತಿ ಜನ ಎಡವುವುದು ಅಡಮಾನದ ವಿಷಯದಲ್ಲಿ. ಯಂತ್ರ ಅಡವಿಟ್ಟು ತಂದ ಸಾಲದಲ್ಲಿ 5 ಲಕ್ಷ ಬಾಕಿ ಇದೆ ಎನ್ನಿ. ಬ್ಯಾಂಕ್ ಯಂತ್ರ ಮಾರಿದಾಗ 3 ಲಕ್ಷ ಬಂತು. ಯಂತ್ರ ಹೋಯಿತು, ಲೆಕ್ಕ ಚುಕ್ತಾ ಅಂದುಕೊಳ್ಳಬೇಡಿ. ಉಳಿದ 2 ಲಕ್ಷ, ಜೊತೆಗೆ ಬಡ್ಡಿ ಮತ್ತು ಹರಾಜಿನ ಖರ್ಚು ನಿಮ್ಮ ಮೇಲೇ ಬರುತ್ತದೆ. ಹಾಗಾಗಿ ಮಾರಾಟದ ಲೆಕ್ಕವನ್ನು ಬರಹದಲ್ಲೇ ಕೇಳಿ.

ಸರಕು ಕೊಟ್ಟವರ ಕೈಯಲ್ಲಿ ಸಾಮಾನ್ಯವಾಗಿ ಅಡಮಾನ ಇರುವುದಿಲ್ಲ. ಅವರು ಸುಮ್ನೆ ಬಂದು ನಿಮ್ಮ ವಸ್ತು ಎತ್ತಿಕೊಂಡು ಹೋಗುವಂತಿಲ್ಲ. ಮೊದಲು ಕೋರ್ಟಿನಿಂದ ತೀರ್ಪು ಪಡೆಯಬೇಕು. ಆಮೇಲೆ ನಿಮ್ಮ ಉಳಿತಾಯ ಖಾತೆ, ಜಮೀನು ಜಪ್ತಿ ಮಾಡಿಸಬಹುದು. ಜಂಟಿ ಆಸ್ತಿಯಾದರೆ ಸಾಮಾನ್ಯವಾಗಿ ನಿಮ್ಮ ಪಾಲನ್ನು ಮಾತ್ರ. ಬಟ್ಟೆ, ಪಾತ್ರೆಯಂಥ ದಿನಬಳಕೆಯ ವಸ್ತುಗಳನ್ನು ಕಾನೂನು ಹೆಚ್ಚಾಗಿ ಜಪ್ತಿಯಿಂದ ಹೊರಗಿಡುತ್ತದೆ.

ದಯವಿಟ್ಟು ಈಗ ಆಸ್ತಿಯನ್ನು ನೆಂಟರ ಹೆಸರಿಗೆ ಬರೆಯಬೇಡಿ. ಸಾಲ ಕೊಟ್ಟವರಿಂದ ತಪ್ಪಿಸಲು ಮಾಡಿದ್ದು ಅಂತ ಕಂಡರೆ ಕೋರ್ಟ್ ಅದನ್ನು ರದ್ದು ಮಾಡಬಹುದು. ಯಾರಾದರೂ ಕಡಿಮೆ ಮೊತ್ತಕ್ಕೆ ರಾಜಿಯಾದರೆ, 'ಪೂರ್ತಿ ಮತ್ತು ಅಂತಿಮ' ಎಂದು ಬರೆಸಿಕೊಂಡ ಮೇಲೇ ಹಣ ಕೊಡಿ.